ಅರವತ್ತು ದಾಟಿದವರ ಲೆಕ್ಕವೇ ಬೇರೆ

ನಮ್ಮಲ್ಲಿ ಅನೇಕ ಮನೆಗಳಲ್ಲಿ ಅರವತ್ತು ತುಂಬಿದವರಿಗೆ ಷಷ್ಟ್ಯಬ್ದಿ ಮಾಡುತ್ತಾರೆ. ಎಪ್ಪತ್ತಕ್ಕೆ ಭೀಮರಥ ಶಾಂತಿ. ಸಾವಿರ ಹುಣ್ಣಿಮೆ ಕಂಡವರಿಗೆ, ಅಂದರೆ ಎಂಬತ್ತು ದಾಟಿ ಇನ್ನೂ ಕೆಲವು ತಿಂಗಳು ಕಳೆದವರಿಗೆ, ಸಹಸ್ರ ಚಂದ್ರ ದರ್ಶನ ಶಾಂತಿ. ಇವು ನಿನ್ನೆ ಮೊನ್ನೆ ಹುಟ್ಟಿಕೊಂಡ ಆಚರಣೆಗಳಲ್ಲ. ಆದರೆ ಜನಗಣತಿ ಆಧಾರದ ಅಂದಾಜುಗಳನ್ನು ನೋಡಿದರೆ, 1911ರಿಂದ 1921ರವರೆಗಿನ ದಶಕದಲ್ಲಿ ಭಾರತೀಯರ ಸರಾಸರಿ ಜೀವಿತಾವಧಿ ಸುಮಾರು 20 ವರ್ಷ. ಸ್ವಾತಂತ್ರ್ಯ ಬಂದ ಹೊತ್ತಿಗೂ ಅದು ಸುಮಾರು 32. ಜನ ಇಪ್ಪತ್ತಕ್ಕೋ ಮೂವತ್ತಕ್ಕೋ ತೀರಿಕೊಳ್ಳುತ್ತಿದ್ದರೆ ಎಪ್ಪತ್ತರ ಶಾಂತಿ, ಎಂಬತ್ತರ ಶಾಂತಿ ಯಾರಿಗಾಗಿ ಇದ್ದವು?

ಎರಡೂ ನಿಜ. ಮುದುಕರು ಆಗಲೂ ಇದ್ದರು, ಸರಾಸರಿಯೂ 20 ಇತ್ತು. ಇದು ಹೇಗೆ ಸಾಧ್ಯ ಎಂಬುದು ಆ ಸರಾಸರಿಯನ್ನು ಲೆಕ್ಕ ಹಾಕುವ ಬಗೆ ತಿಳಿಯದೆ ಅರ್ಥವಾಗುವುದಿಲ್ಲ. ಆ ಲೆಕ್ಕದ ಹೆಸರು ಆಯುಷ್ಯ ಕೋಷ್ಟಕ. ವಿಮಾ ಕಂಪನಿಗಳು, ಪಿಂಚಣಿ ನಿಧಿಗಳು, ಜನಸಂಖ್ಯಾಶಾಸ್ತ್ರಜ್ಞರು ದಿನನಿತ್ಯ ಬಳಸುವುದು ಇದನ್ನೇ. ಇದರ ಅಂಕಣಗಳನ್ನು ಒಮ್ಮೆ ಕೈಯಾರೆ ತುಂಬಿ ನೋಡಿದರೆ ಪತ್ರಿಕೆಯಲ್ಲಿ ಬರುವ 'ಸರಾಸರಿ ಆಯುಷ್ಯ' ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಬಿಚ್ಚಿಕೊಳ್ಳುತ್ತದೆ. ತುಂಬಲು ನಾನು ಆರಿಸಿಕೊಂಡಿರುವುದು ಜಗತ್ತಿನ ಮೊದಮೊದಲ ಆಯುಷ್ಯ ಕೋಷ್ಟಕಗಳಲ್ಲಿ ಒಂದನ್ನು. ಅದು ಚಿಕ್ಕದು, ಅದರ ಒಂದೊಂದು ಅಂಕಿಯ ಹಿಂದೆಯೂ ಒಂದು ನಿಜವಾದ ಊರಿನ ಜನರಿದ್ದಾರೆ.

ಆ ಊರು ಬ್ರೆಸ್ಲಾವ್. ಈಗ ಅದು ಪೋಲೆಂಡಿನ ವ್ರೊತ್ಸ್ವಾಫ್ ನಗರ. ಅಲ್ಲಿನ ಪಾದ್ರಿ ಕಾಸ್ಪರ್ ನಾಯ್ಮನ್ 1687ರಿಂದ 1691ರವರೆಗೆ ಐದು ವರ್ಷ ಊರಿನಲ್ಲಿ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಜನ ಯಾವ ವಯಸ್ಸಿನಲ್ಲಿ ಸತ್ತರು ಎಂಬುದನ್ನೆಲ್ಲ ಕಲೆಹಾಕಿದರು. ಆ ಪಟ್ಟಿ ಲಂಡನ್ನಿನ ರಾಯಲ್ ಸೊಸೈಟಿಗೆ ತಲುಪಿ, ಅಲ್ಲಿಂದ ಎಡ್ಮಂಡ್ ಹ್ಯಾಲಿಯ ಕೈಗೆ ಬಂತು. ಧೂಮಕೇತುವಿಗೆ ಹೆಸರು ಕೊಟ್ಟ ಅದೇ ಹ್ಯಾಲಿ. 1693ರಲ್ಲಿ ಅವನು ಪ್ರಕಟಿಸಿದ ಲೆಕ್ಕದ ಪ್ರಕಾರ ಬ್ರೆಸ್ಲಾವಿನಲ್ಲಿ ವರ್ಷಕ್ಕೆ ಸರಾಸರಿ 1,238 ಮಕ್ಕಳು ಹುಟ್ಟುತ್ತಿದ್ದರು, 1,174 ಜನ ಸಾಯುತ್ತಿದ್ದರು. ಹುಟ್ಟು ಸಾವು ಹೆಚ್ಚುಕಡಿಮೆ ಸಮ. ಹೊರಗಿನಿಂದ ಬಂದು ನೆಲೆಸುವವರೂ ಕಡಿಮೆ ಎಂದು ಅವನು ಭಾವಿಸಿದ. ಅವನ ಇಡೀ ಲೆಕ್ಕ ಈ ಊಹೆಯ ಮೇಲೆ ನಿಂತಿದೆ.

ಕೋಷ್ಟಕದ ಮೊದಲ ಅಂಕಣ ಉಳಿದವರದು. 1,238 ಮಕ್ಕಳು ಒಟ್ಟಿಗೆ ಹುಟ್ಟಿದರು ಎಂದು ಹಿಡಿದು, ಪ್ರತಿ ಹುಟ್ಟುಹಬ್ಬಕ್ಕೆ ಎಷ್ಟು ಜನ ಉಳಿದಿದ್ದಾರೆ ಎಂದು ಬರೆಯುತ್ತಾ ಹೋಗಬೇಕು. ಮೊದಲ ವರ್ಷದಲ್ಲೇ 348 ಮಕ್ಕಳು ಹೋದವು, ಉಳಿದವು 890. ಒಂದರಿಂದ ಆರು ವರ್ಷದೊಳಗೆ ಇನ್ನೂ 198 ಮಕ್ಕಳು ಸತ್ತು 692 ಉಳಿದವು. ಹದಿನೇಳು ತುಂಬುವಷ್ಟರಲ್ಲಿ ಹುಟ್ಟಿದವರಲ್ಲಿ ಅರ್ಧದಷ್ಟು ಇಲ್ಲ. ಆಮೇಲೆ ಸಾವು ನಿಧಾನವಾಗುತ್ತದೆ. ಇಪ್ಪತ್ತನೆಯ ಹುಟ್ಟುಹಬ್ಬ ಕಾಣುವವರು ಸುಮಾರು 595, ಅರವತ್ತನೆಯದನ್ನು ಕಾಣುವವರು ಸುಮಾರು 237.

ಎರಡನೆಯ ಅಂಕಣ ಬದುಕಿದ ವರ್ಷಗಳದು. ಒಂದು ವಯಸ್ಸಿನ ವರ್ಷವನ್ನು 600 ಜನ ಶುರುಮಾಡಿ 590 ಜನ ಮುಗಿಸಿದರೆ, ಆ ವರ್ಷದಲ್ಲಿ ಅವರೆಲ್ಲ ಸೇರಿ ಸುಮಾರು 595 ವರ್ಷ ಬದುಕಿದಂತೆ. ಸತ್ತ ಹತ್ತು ಜನ ಸರಾಸರಿ ಅರ್ಧರ್ಧ ವರ್ಷ ಬದುಕಿರುತ್ತಾರೆ ಎಂಬುದು ಇಲ್ಲಿನ ಲೆಕ್ಕ. ಹೀಗೆ ಪ್ರತಿ ವಯಸ್ಸಿಗೂ ಬರೆದು ಕೂಡಿಸಬೇಕು. ಹುಟ್ಟು ಸಾವು ಸಮನಾಗಿರುವ ಊರಿನಲ್ಲಿ ಈ ಅಂಕಣಕ್ಕೆ ಇನ್ನೊಂದು ಅರ್ಥವೂ ಇದೆ: ಅದು ಆಯಾ ವಯಸ್ಸಿನಲ್ಲಿ ಊರಲ್ಲಿರುವ ಜನರ ಸಂಖ್ಯೆ. ಹ್ಯಾಲಿ ಅದನ್ನೆಲ್ಲ ಕೂಡಿಸಿದಾಗ ಬಂದದ್ದು 34,000. ಅಂದರೆ ಬ್ರೆಸ್ಲಾವಿನ ಒಟ್ಟು ಜನಸಂಖ್ಯೆ.

ಇನ್ನು ಉಳಿದದ್ದು ಒಂದೇ ಭಾಗಾಕಾರ. 1,238 ಮಕ್ಕಳು ಸೇರಿ 34,000 ವರ್ಷ ಬದುಕುತ್ತಾರೆ. ತಲೆಗೆ 27.5 ವರ್ಷ. ಇದೇ ಹುಟ್ಟಿನಲ್ಲಿ ನಿರೀಕ್ಷಿತ ಆಯುಷ್ಯ.

ಈ 27.5ರ ಹತ್ತಿರ ಸ್ವಲ್ಪ ನಿಲ್ಲಬೇಕು. ಬ್ರೆಸ್ಲಾವಿನಲ್ಲಿ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಸಾಯುತ್ತಿದ್ದವರು ಎಷ್ಟು ಜನ? ಹುಟ್ಟಿದ 1,238ರಲ್ಲಿ ಸುಮಾರು 7. ಸರಾಸರಿ ಆಯುಷ್ಯ ಎಂದು ನಾವು ಕರೆಯುವ ಆ ವಯಸ್ಸಿನಲ್ಲಿ ಸಾಯುವವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಒಂದು ಕಡೆ ತೊಟ್ಟಿಲಲ್ಲೇ ಕಣ್ಣುಮುಚ್ಚಿದ ನೂರಾರು ಮಕ್ಕಳು, ಇನ್ನೊಂದು ಕಡೆ ಐವತ್ತು, ಅರವತ್ತು, ಎಪ್ಪತ್ತು ಕಂಡವರು. ಇವರಿಬ್ಬರ ಮಧ್ಯೆ ಎಲ್ಲೋ ಬಿದ್ದ ಅಂಕಿ ಅದು. ಹಿಂದಿನವರು ಮೂವತ್ತಕ್ಕೆಲ್ಲ ಮುದುಕರಾಗಿ ಸಾಯುತ್ತಿದ್ದರು ಎಂಬ ಮಾತನ್ನು ಓದಿದವರ ಬಾಯಲ್ಲೂ ಕೇಳುತ್ತೇವೆ. ಅದು ಈ ಸರಾಸರಿಯನ್ನು ಸಾಯುವ ವಯಸ್ಸು ಎಂದು ಓದಿಕೊಂಡದ್ದರ ಫಲ.

ಮಗು ಆರು ವರ್ಷ ದಾಟಿತು ಅನ್ನಿ. ಆರರ ಮೇಲಿನ ವಯಸ್ಸಿನಲ್ಲಿ ಬದುಕಿದ ವರ್ಷಗಳನ್ನಷ್ಟೇ ಕೂಡಿಸಿ, ಆರು ಮುಟ್ಟಿದವರ ಸಂಖ್ಯೆಯಿಂದ ಭಾಗಿಸಿದರೆ ಸುಮಾರು 42 ಬರುತ್ತದೆ. ಹುಟ್ಟಿದಾಗ ಮುಂದೆ 27.5 ವರ್ಷವಿದ್ದ ಮಗುವಿಗೆ ಆರು ವರ್ಷ ಬದುಕಿದ ಮೇಲೆ ಇನ್ನೂ 42 ವರ್ಷವಿದೆ! ಲೆಕ್ಕ ತಪ್ಪಿಲ್ಲ. ಆ ಊರಿನ ಬಹುದೊಡ್ಡ ಗಂಡಾಂತರ ಆ ಆರು ವರ್ಷಗಳಲ್ಲೇ ಇತ್ತು, ಮಗು ಅದನ್ನು ದಾಟಿ ಬಂದಿದೆ.

ಈಗ ಅರವತ್ತಕ್ಕೆ ಬರೋಣ. ಅರವತ್ತರ ಮೇಲಿನ ಸಾಲುಗಳನ್ನಷ್ಟೇ ಕೂಡಿಸಿದರೆ 2,922 ವರ್ಷ. ಅದನ್ನು ಅರವತ್ತು ಮುಟ್ಟಿದ 237 ಜನರಿಗೆ ಹಂಚಿದರೆ ತಲೆಗೆ 12.3. ಸರಾಸರಿ ಆಯುಷ್ಯ 27.5 ಇದ್ದ ಊರಿನಲ್ಲಿ ಅರವತ್ತು ತುಂಬಿದವರು ಸರಾಸರಿ ಎಪ್ಪತ್ತೆರಡರವರೆಗೆ ಬದುಕುತ್ತಿದ್ದರು. ಭೀಮರಥ ಶಾಂತಿ ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಂಥ ಕಾಲದಲ್ಲಿ ಅರವತ್ತು ಮುಟ್ಟುವವರು ಐದಕ್ಕೆ ಒಬ್ಬರು. ಮುಟ್ಟಿದವರು ಮಾತ್ರ ಬಹಳ ವರ್ಷ ಇರುತ್ತಿದ್ದರು.

ಹುಟ್ಟಿನ ಆಯುಷ್ಯವನ್ನು ಎರಡು ತುಂಡು ಮಾಡಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. 27.5 ವರ್ಷದಲ್ಲಿ ಅರವತ್ತಕ್ಕೆ ಮುಂಚೆ ಬದುಕಿದ್ದು 25.1 ವರ್ಷ, ಅರವತ್ತರ ನಂತರದ ಪಾಲು ಬರೀ 2.4. ಅರವತ್ತರ ನಂತರ 12.3 ವರ್ಷವಿದ್ದರೂ ಅದು ಐವರಲ್ಲಿ ಒಬ್ಬರಿಗೆ ಮಾತ್ರ ದಕ್ಕುವುದರಿಂದ ಎಲ್ಲರಿಗೂ ಹಂಚಿದಾಗ ಅಷ್ಟಕ್ಕೆ ಇಳಿಯುತ್ತದೆ. ಆ ಊರಿಗೆ ಏನೋ ಔಷಧಿ ಬಂದು ಅರವತ್ತು ದಾಟಿದವರ ಉಳಿದ ಆಯುಷ್ಯವೆಲ್ಲ ಎರಡು ಪಟ್ಟಾಯಿತು ಎಂದುಕೊಳ್ಳಿ. ಊರಿನ ಸರಾಸರಿ ಏರುವುದು 2.4 ವರ್ಷ. ಅದರ ಬದಲು, ಮೊದಲ ವರ್ಷದಲ್ಲಿ ಸಾಯುತ್ತಿದ್ದ 348 ಮಕ್ಕಳಲ್ಲಿ ಅರ್ಧದಷ್ಟು, 174 ಮಕ್ಕಳು, ಉಳಿದವು ಎಂದುಕೊಳ್ಳಿ. ಒಂದು ವರ್ಷ ತುಂಬಿದ ಮಗುವಿಗೆ ಅಲ್ಲಿ ಮುಂದೆ ಸುಮಾರು 37 ವರ್ಷವಿತ್ತು. 174ನ್ನು 37ರಿಂದ ಗುಣಿಸಿ 1,238ಕ್ಕೆ ಹಂಚಿದರೆ ಸರಾಸರಿ 5.2 ವರ್ಷ ಏರುತ್ತದೆ. ಮುದುಕರೆಲ್ಲರ ಬಾಳು ಇಮ್ಮಡಿಯಾದರೆ ಬರುವುದಕ್ಕಿಂತ ಎರಡು ಪಟ್ಟು ಹೆಚ್ಚು. ಹುಟ್ಟಿನ ಆಯುಷ್ಯ ಎಂಬುದು ಮಕ್ಕಳ ಸಾವಿನ ಕಡೆ ಇಷ್ಟು ವಾಲಿಕೊಂಡಿರುವ ಅಂಕಿ.

ನಮ್ಮ ದೇಶದ ಕಥೆ ಓದಲು ಇಷ್ಟು ಸಾಕು. 1970-75ರಲ್ಲಿ ಭಾರತದಲ್ಲಿ ಹುಟ್ಟಿನ ನಿರೀಕ್ಷಿತ ಆಯುಷ್ಯ 49.7 ವರ್ಷ. 2014-18ಕ್ಕೆ 69.4. ಇಪ್ಪತ್ತು ವರ್ಷದ ಏರಿಕೆ. ಇದೇ ಅವಧಿಯಲ್ಲಿ ಅರವತ್ತರಲ್ಲಿ ಉಳಿದ ಆಯುಷ್ಯ 13.8ರಿಂದ 18.2ಕ್ಕೆ ಏರಿತು. ನಾಲ್ಕೂವರೆ ವರ್ಷಕ್ಕೂ ಕಡಿಮೆ. ಉಳಿದ ಏರಿಕೆಯ ಬಹುಪಾಲು ಎಲ್ಲಿಂದ ಬಂತೆಂದರೆ, ಎಪ್ಪತ್ತರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 130 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2018ರಲ್ಲಿ ಆ ಸಂಖ್ಯೆ 32. ಲಸಿಕೆ, ಭೇದಿಗೆ ಕೊಡುವ ಓಆರ್‌ಎಸ್, ಆಸ್ಪತ್ರೆಯ ಹೆರಿಗೆ, ಕುಡಿಯುವ ನೀರು ಇವೆಲ್ಲ ಸೇರಿ ಉಳಿಸಿದ್ದು ಮುಖ್ಯವಾಗಿ ಮಕ್ಕಳನ್ನು, ಬಾಣಂತಿಯರನ್ನು. ನನ್ನ ಮಟ್ಟಿಗೆ ಸ್ವತಂತ್ರ ಭಾರತದ ದೊಡ್ಡ ಸಾಧನೆಗಳಲ್ಲಿ ಇದೊಂದು.

1970-75ರ ಇನ್ನೊಂದು ಅಂಕಿ ನನ್ನನ್ನು ಬಹಳ ಕಾಡುತ್ತದೆ. ಆಗ ಹುಟ್ಟಿನಲ್ಲಿ ಗಂಡಿನ ಆಯುಷ್ಯ 50.5, ಹೆಣ್ಣಿನದು 49.0. ಬಹುತೇಕ ದೇಶಗಳಲ್ಲಿ ಹೆಂಗಸರೇ ಹೆಚ್ಚು ಕಾಲ ಬದುಕುತ್ತಾರೆ, ಇಲ್ಲಿ ತಲೆಕೆಳಗು. ಆದರೆ ಅದೇ ಕೋಷ್ಟಕದ ಅರವತ್ತರ ಸಾಲಿಗೆ ಬಂದರೆ ಹೆಂಗಸರೇ ಮುಂದಿದ್ದಾರೆ. ಹೆಣ್ಣಿನ ದೇಹ ದುರ್ಬಲವಾಗಿತ್ತು ಎಂದಲ್ಲ. ಎಳೆಯ ವಯಸ್ಸಿನಲ್ಲಿ ಆರೈಕೆ ಸಿಗದೆ, ಆಮೇಲೆ ಹೆರಿಗೆಯಲ್ಲಿ ಹೋದವರ ಸಂಖ್ಯೆ ಅಷ್ಟಿತ್ತು. ಹುಟ್ಟಿನ ಅಂಕಿಯೊಂದನ್ನೇ ನೋಡಿದ್ದರೆ ಕಷ್ಟ ಯಾವ ವಯಸ್ಸಿನಲ್ಲಿತ್ತು ಎಂಬುದು ಗೊತ್ತಾಗುತ್ತಿರಲಿಲ್ಲ. 2014-18ರಲ್ಲಿ ಹುಟ್ಟಿನಲ್ಲೂ ಹೆಂಗಸರು ಮುಂದಿದ್ದಾರೆ: ಗಂಡಸರಿಗೆ 68.2, ಹೆಂಗಸರಿಗೆ 70.7.

ಈಗಿನ ಕೋಷ್ಟಕಗಳನ್ನು ಹ್ಯಾಲಿಯಂತೆ ಸಾವಿನ ಪಟ್ಟಿಯೊಂದರಿಂದಲೇ ಕಟ್ಟುವುದಿಲ್ಲ. ನಮ್ಮ ಜನಸಂಖ್ಯೆ ಬ್ರೆಸ್ಲಾವಿನಂತೆ ಒಂದೇ ಮಟ್ಟದಲ್ಲಿ ನಿಂತಿಲ್ಲವಾದ್ದರಿಂದ ಪ್ರತಿ ವಯಸ್ಸಿನ ಗುಂಪಿನಲ್ಲಿ ಎಷ್ಟು ಜನರಿದ್ದರು, ಅವರಲ್ಲಿ ಎಷ್ಟು ಜನ ಸತ್ತರು ಎಂಬ ಎರಡೂ ಬೇಕು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸಾವಿನ ದರ. ಉದಾಹರಣೆಗೆ, 60ರಿಂದ 64ರ ಗುಂಪಿನಲ್ಲಿ ವರ್ಷಕ್ಕೆ ಸಾವಿರಕ್ಕೆ 20 ಸಾವು ಎಂದು ಇಟ್ಟುಕೊಳ್ಳೋಣ. ಹಾಗಾದರೆ ಅರವತ್ತಕ್ಕೆ ಕಾಲಿಟ್ಟ ಸಾವಿರ ಜನರಲ್ಲಿ ಅರವತ್ತೈದರೊಳಗೆ ಸಾಯುವವರು ಎಷ್ಟು? ಐದು ವರ್ಷಕ್ಕೆ ನೂರು ಎನ್ನುವುದು ಬಾಯಿಗೆ ಬರುವ ಉತ್ತರ. ಆದರೆ ಮೊದಲ ವರ್ಷ ಸತ್ತವರು ಎರಡನೆಯ ವರ್ಷದ ಲೆಕ್ಕದಲ್ಲಿ ಇರುವುದಿಲ್ಲವಲ್ಲ. ಸರಿಯಾದ ಉತ್ತರ 95. ತಾಳೆ ನೋಡುವುದು ಸುಲಭ: ಉಳಿದ 905 ಜನ ಐದೈದು ವರ್ಷ, ಸತ್ತ 95 ಜನ ಸರಾಸರಿ ಎರಡೂವರೆ ವರ್ಷ ಬದುಕಿದರೆ ಒಟ್ಟು ಸುಮಾರು 4,762 ವರ್ಷ, ಅದಕ್ಕೆ ಸಾವಿರಕ್ಕೆ 20ರ ದರ ಹಚ್ಚಿದರೆ 95. ದರವನ್ನು ಹೀಗೆ ಸಾಯುವ ಸಂಭವಕ್ಕೆ ಬದಲಿಸುವ ಹೆಜ್ಜೆ ಒಂದೇ ಹೊಸದು. ಒಂದು ಲಕ್ಷ ಮಕ್ಕಳು ಹುಟ್ಟಿದರು ಎಂದು ಹಿಡಿದು ಮುಂದೆ ಮಾಡುವುದೆಲ್ಲ ಮೇಲಿನ ಕೂಡು-ಭಾಗಿಸು ಲೆಕ್ಕವೇ.

ಸತ್ತವರು ಅವಧಿಯ ನಡುವಿನವರೆಗೆ ಬದುಕಿದ್ದರು ಎಂಬ ಊಹೆ ಎರಡು ತುದಿಗಳಲ್ಲಿ ಮಾತ್ರ ನಡೆಯುವುದಿಲ್ಲ. ಮೊದಲ ವರ್ಷ ಸಾಯುವ ಶಿಶುಗಳಲ್ಲಿ ಹೆಚ್ಚಿನವು ಹುಟ್ಟಿದ ಒಂದು ತಿಂಗಳೊಳಗೆ ಸಾಯುತ್ತವೆ; ಅವು ಸರಾಸರಿ ಆರು ತಿಂಗಳು ಬದುಕಿದವು ಎನ್ನುವುದು ಸುಳ್ಳಾಗುತ್ತದೆ. ಆದ್ದರಿಂದ ಅಲ್ಲಿ ಕಡಿಮೆ ಭಾಗವನ್ನು ಹಿಡಿಯುತ್ತಾರೆ. ಇನ್ನೊಂದು ತುದಿಯಲ್ಲಿ 85 ಮತ್ತು ಮೇಲ್ಪಟ್ಟವರು ಎಂಬ ಬಾಗಿಲಿಲ್ಲದ ಗುಂಪಿದೆ. ಅದಕ್ಕೆ ನಡು ಎಲ್ಲಿ? ಅಲ್ಲಿ ಉಳಿದವರ ಸಂಖ್ಯೆಯನ್ನು ಆ ಗುಂಪಿನ ಸಾವಿನ ದರದಿಂದ ಭಾಗಿಸಿ ಅವರೆಲ್ಲ ಬದುಕುವ ವರ್ಷಗಳನ್ನು ಪಡೆಯುತ್ತಾರೆ.

ಭಾರತದ ಕೋಷ್ಟಕಕ್ಕೆ ಮೂಲ ಮಾಹಿತಿ ಬರುವುದು ರಿಜಿಸ್ಟ್ರಾರ್ ಜನರಲ್ ಕಚೇರಿ ನಡೆಸುವ ಮಾದರಿ ನೋಂದಣಿ ವ್ಯವಸ್ಥೆಯಿಂದ. ಆರಿಸಿಕೊಂಡ ಹಳ್ಳಿಗಳಲ್ಲಿ, ನಗರದ ತುಣುಕುಗಳಲ್ಲಿ ಸ್ಥಳೀಯ ಗಣತಿದಾರರೊಬ್ಬರು ಹುಟ್ಟು ಸಾವು ಆದಂತೆಲ್ಲ ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬೇರೆಯಾಗಿ ಮನೆಮನೆ ಸುತ್ತಿ ಅದನ್ನೇ ಮತ್ತೆ ಕೇಳುತ್ತಾರೆ. ಎರಡೂ ಪಟ್ಟಿಯನ್ನು ಹೋಲಿಸಿ, ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಮನೆಗೆ ಮತ್ತೆ ಹೋಗಿ ವಿಚಾರಿಸುತ್ತಾರೆ. ಹೀಗೆ ಮಾಡಿದರೂ ಜಾರಿಹೋಗಬಹುದಾದದ್ದು ಯಾವುದೆಂದು ನಮ್ಮ ಊರುಗಳನ್ನು ಬಲ್ಲವರಿಗೆ ಗೊತ್ತು. ಚೊಚ್ಚಲ ಬಸುರಿ ತವರಿಗೆ ಹೋಗುತ್ತಾಳೆ, ಅಲ್ಲಿ ಹುಟ್ಟಿದ ಮಗು ಮೂರನೆಯ ದಿನ ಹೋಗುತ್ತದೆ. ಗಂಡನ ಮನೆಯಲ್ಲಿ ಕೇಳಿದರೆ ಯಾರೂ ಆ ಮಾತೆತ್ತುವುದಿಲ್ಲ. ಹುಟ್ಟೂ ಪುಸ್ತಕಕ್ಕೆ ಬರಲಿಲ್ಲ, ಸಾವೂ ಬರಲಿಲ್ಲ. ಅಂಥ ಕೆಲವೇ ಮಕ್ಕಳು ಬಿಟ್ಟುಹೋದರೂ ಹುಟ್ಟಿನ ಆಯುಷ್ಯ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಅರವತ್ತರ ಅಂಕಿಯನ್ನು ಕೆಡಿಸುವುದು ಬೇರೆಯದು: ವಯಸ್ಸು. ಜನನ ಪ್ರಮಾಣಪತ್ರವಿಲ್ಲದ ಹಿರಿಯರನ್ನು ಕೇಳಿದರೆ "ಎಪ್ಪತ್ತು ಇರಬೇಕು ಕಣಪ್ಪ" ಎನ್ನುತ್ತಾರೆ. ಅರವತ್ತೆಂಟು, ಎಪ್ಪತ್ಮೂರು ಎನ್ನುವವರು ಕಡಿಮೆ. ಒಂದೊಂದು ವಯಸ್ಸಿನಲ್ಲೂ ಎಷ್ಟು ಜನ ಎಂದು ನಕ್ಷೆ ಬಿಡಿಸಿದರೆ 60, 65, 70ರಲ್ಲಿ ಗೋಪುರಗಳು ಏಳುತ್ತವೆ, ಅಕ್ಕಪಕ್ಕದಲ್ಲಿ ಹಳ್ಳ. ಐದೈದು ವರ್ಷದ ಗುಂಪು ಮಾಡುವುದಕ್ಕೆ ಇದೂ ಒಂದು ಕಾರಣ. ಅದಕ್ಕಿಂತ ಕೆಟ್ಟದ್ದು ವಯಸ್ಸನ್ನು ಏರಿಸಿ ಹೇಳುವುದು. ಎಪ್ಪತ್ತೆರಡರವರು ಎಂಬತ್ತರ ಗುಂಪಿಗೆ ಸೇರಿದರೆ ಆ ಗುಂಪು ಊದಿಕೊಂಡು ಅದರ ಸಾವಿನ ದರ ಇಳಿಯುತ್ತದೆ, ಅರವತ್ತರ ಆಯುಷ್ಯ ಸುಳ್ಳು ಸುಳ್ಳೇ ಬೆಳೆಯುತ್ತದೆ. ಮನುಷ್ಯರ ಸಾವಿನ ದರ ನಡುವಯಸ್ಸಿನಿಂದ ಮುಂದಕ್ಕೆ ಏರುತ್ತಲೇ ಹೋಗಬೇಕು. ಕೋಷ್ಟಕದ ಕೊನೆಯ ಸಾಲುಗಳಲ್ಲಿ ಆ ಏರಿಕೆ ಇದ್ದಕ್ಕಿದ್ದಂತೆ ಸೋತರೆ ಅಲ್ಲಿ ದೀರ್ಘಾಯುಷಿಗಳು ಸಿಕ್ಕಿದ್ದಾರೆ ಎಂದು ಹಿಗ್ಗುವ ಮೊದಲು ವಯಸ್ಸು ಬರೆದ ಬಗೆಯನ್ನು ನೋಡಬೇಕು.

ಅಂಕಿಗಳು ಶುದ್ಧವಾಗಿದ್ದರೂ ಕೋಷ್ಟಕ ಯಾರೊಬ್ಬರ ಜಾತಕವೂ ಅಲ್ಲ. 2014-18ರ ಕೋಷ್ಟಕದಲ್ಲಿರುವ ಮಗು ತನ್ನ ಎಂಬತ್ತನೆಯ ವಯಸ್ಸನ್ನೂ 2014-18ರ ಸಾವಿನ ದರದಲ್ಲೇ ಕಳೆಯುತ್ತದೆ ಎಂದು ಹಿಡಿದಿರುತ್ತಾರೆ. ನಿಜದ ಮಗು 2090ರ ದಶಕದಲ್ಲಿ ಎಂಬತ್ತಾಗುತ್ತದೆ. ಮೊದಲು ಹೇಳಿದ 1911-21ರ 20 ವರ್ಷವನ್ನೂ ಹೀಗೆಯೇ ಓದಬೇಕು. 1918ರ ಇನ್‌ಫ್ಲುಯೆಂಜಾದಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು, ಆ ದಶಕದ ದರಗಳಲ್ಲಿ ಆ ಮಾರಿಯೂ ಸೇರಿದೆ. ಜೀವಮಾನವಿಡೀ ಅಂಥ ದಶಕವೇ ಮುಂದುವರಿದಿದ್ದರೆ ಸರಾಸರಿ 20 ಆಗುತ್ತಿತ್ತು ಎಂದಷ್ಟೇ ಅದರ ಅರ್ಥ.

ಅರವತ್ತು ತುಂಬಿ ನಿವೃತ್ತರಾಗುವವರು ಲೆಕ್ಕ ತಪ್ಪುವುದು ಇಲ್ಲೇ. 'ಸರಾಸರಿ ಆಯುಷ್ಯ 69' ಎಂದು ಓದಿದವರು ಇನ್ನು ಒಂಬತ್ತು ವರ್ಷಕ್ಕೆ ದುಡ್ಡು ಸಾಕು ಎಂದುಕೊಳ್ಳುತ್ತಾರೆ. ಆ 69ರೊಳಗೆ ಹುಟ್ಟಿದ ವಾರದಲ್ಲೇ ಹೋದ ಶಿಶುಗಳೂ ಇಪ್ಪತ್ತೈದರಲ್ಲಿ ಅಪಘಾತದಲ್ಲಿ ಹೋದ ಹುಡುಗರೂ ಇದ್ದಾರೆ. ಅರವತ್ತು ಮುಟ್ಟಿದವರು ಆ ಗುಂಪಿನವರಲ್ಲ. ಅವರು ನೋಡಬೇಕಾದದ್ದು ಅರವತ್ತರ ಸಾಲಿನ 18.2ನ್ನು. ಒಂಬತ್ತರ ಇಮ್ಮಡಿ. ಇದೇ ತಪ್ಪು ಮೇಲಿನವರ ಮಾತಿನಲ್ಲೂ ಬರುತ್ತದೆ: ಜನರ ಆಯುಷ್ಯ ಇಪ್ಪತ್ತು ವರ್ಷ ಏರಿದೆ, ಪಿಂಚಣಿಯ ಹೊರೆಯೂ ಅಷ್ಟೇ ಏರಿದೆ ಎಂಬ ವಾದ. ಒಬ್ಬ ನಿವೃತ್ತರಿಗೆ ಪಿಂಚಣಿ ಕೊಡಬೇಕಾದ ಕಾಲ ಏರಿರುವುದು ನಾಲ್ಕೂಚಿಲ್ಲರೆ ವರ್ಷ. ಅರವತ್ತು ಮುಟ್ಟುವವರ ಸಂಖ್ಯೆ ಬಹಳ ಹೆಚ್ಚಿದೆ ಎಂಬುದು ನಿಜ, ಅದು ಬೇರೆ ಮಾತು. ಅವರೆಲ್ಲ ಅಷ್ಟೂ ವರ್ಷ ದುಡಿದು ನಿಧಿಗೆ ಹಣ ಕಟ್ಟಿದವರೂ ಹೌದು.

ಹ್ಯಾಲಿ ಕೋಷ್ಟಕ ಮಾಡಿದ್ದೂ ಇಂಥದ್ದೇ ಕಾರಣಕ್ಕೆ. ಆಗ ಇಂಗ್ಲೆಂಡಿನ ಸರ್ಕಾರ ಸಾಲ ಎತ್ತಲು, ಕೊಂಡವರಿಗೆ ಜೀವವಿರುವ ತನಕ ವರ್ಷಾಶನ ಕೊಡುವ ಪತ್ರಗಳನ್ನು ವಯಸ್ಸು ನೋಡದೆ ಒಂದೇ ದರದಲ್ಲಿ ಮಾರುತ್ತಿತ್ತು. ಹತ್ತು ವರ್ಷದ ಮಗುವಿಗೂ ಅರವತ್ತರವರಿಗೂ ಅದೇ ಬೆಲೆ. ಅದು ಹೇಗೆ ಸರಿ ಎಂದು ಕೇಳಿ, ಒಂದೊಂದು ವಯಸ್ಸಿಗೆ ಎಷ್ಟೆಷ್ಟು ಬೆಲೆಯಾಗಬೇಕು ಎಂದು ಅವನು ತನ್ನ ಕೋಷ್ಟಕದಿಂದ ಲೆಕ್ಕ ಹಾಕಿ ತೋರಿಸಿದ. ಇಂದು ವಿಮಾ ಕಂಪನಿಗಳು ಆ ಪಾಠವನ್ನು ಚೆನ್ನಾಗಿ ಕಲಿತಿವೆ. ವರ್ಷಾಶನದ ಪಾಲಿಸಿ ಕೊಳ್ಳುವವರು ಸಾಮಾನ್ಯವಾಗಿ ಉಳ್ಳವರು, ಆರೋಗ್ಯವಂತರು, ಸರಾಸರಿಗಿಂತ ಹೆಚ್ಚು ಬದುಕುವವರು. ಹಾಗಾಗಿ ಅವರಿಗೆ ಬೇರೆ ಕೋಷ್ಟಕವನ್ನೇ ಇಟ್ಟುಕೊಂಡಿರುತ್ತಾರೆ.

18.2 ಕೂಡ ಸರಾಸರಿಯೇ ಆದ್ದರಿಂದ ಎಪ್ಪತ್ತೆಂಟಕ್ಕೆ ಹಣ ಮುಗಿಯುವಂತೆ ಯೋಜನೆ ಹಾಕಿದರೆ ಸುಮಾರು ಅರ್ಧದಷ್ಟು ಜನಕ್ಕೆ ಕೊನೆಗಾಲದಲ್ಲಿ ಕೈ ಬರಿದಾಗುತ್ತದೆ. ಗಂಡ ಹೆಂಡತಿ ಇಬ್ಬರ ಲೆಕ್ಕವಂತೂ ಇನ್ನೂ ಉದ್ದ. 2014-18ರಲ್ಲಿ ಅರವತ್ತರ ಗಂಡಸಿಗೆ ಮುಂದೆ 17.4 ವರ್ಷ, ಅರವತ್ತರ ಹೆಂಗಸಿಗೆ 18.9. ನಮ್ಮಲ್ಲಿ ಹೆಂಡತಿ ಸಾಮಾನ್ಯವಾಗಿ ಗಂಡನಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಗಂಡನಿಗೆ ಅರವತ್ತಾದಾಗ ಅವಳಿಗೆ ಐವತ್ತೈದು. ಆ ನಾಲ್ಕೈದು ವರ್ಷ ಮತ್ತು ಈ ಒಂದೂವರೆ ವರ್ಷ ಸೇರಿದರೆ ಅವಳು ಗಂಡನಿಲ್ಲದೆ ಕಳೆಯಬೇಕಾದ ಕಾಲ ಸರಾಸರಿಯಲ್ಲೇ ಐದಾರು ವರ್ಷವಾಗುತ್ತದೆ. ವರ್ಷಾಶನದ ಅರ್ಜಿಯಲ್ಲಿ ತನ್ನೊಬ್ಬನ ಜೀವಿತಕ್ಕೆ, ಇಬ್ಬರ ಜೀವಿತಕ್ಕೆ ಎಂಬ ಎರಡು ಆಯ್ಕೆಗಳಿರುತ್ತವೆ. ಮೊದಲನೆಯದರಲ್ಲಿ ತಿಂಗಳ ಹಣ ಸ್ವಲ್ಪ ಹೆಚ್ಚು ಬರುತ್ತದೆ ಎಂದು ಅದಕ್ಕೇ ಸಹಿ ಹಾಕುವವರು ಬಹಳ. ಹಾಗೆ ಸಹಿ ಹಾಕಿದರೆ ನಿಂತುಹೋಗುವುದು ಆ ಐದಾರು ವರ್ಷಗಳ ಹಣ.